ಮಕ್ಕಳ ಪ್ರಬಂಧ: ತಿದ್ದಿ ಕೊಡಬೇಡಿ, ಗುರುತು ಹಾಕಿ ಕೊಡಿ



ಆರನೇ ಕ್ಲಾಸಿನ ಒಬ್ಬಳು ಹುಡುಗಿ 'ನಮ್ಮೂರ ಸಂತೆ' ಎಂಬ ವಿಷಯದ ಮೇಲೆ ಮನೆಗೆಲಸದ ಪ್ರಬಂಧ ಬರೆದಿದ್ದಳು. ಅದರಲ್ಲಿ ಹೀಗಿತ್ತು: "ನಾನು ಅಮ್ಮನ ಜೊತೆ ಸಂತೆಗೆ ಓದೆ. ಅಲ್ಲಿ ತರಕಾರಿ, ಅಣ್ಣು ಮಾರುತ್ತಾರೆ. ಮಳೆ ಬಂತು. ನಾವು ಓಡಿದೆವು. ಸಂತೆ ತುಂಬಾ ಚನ್ನಾಗಿತ್ತು."

ತಾಯಿ ಇದನ್ನು ನೋಡಿ, "ಹೀಗೆಲ್ಲಾ ಬರೀತಾರಾ?" ಎಂದು ಪೆನ್ನು ತೆಗೆದುಕೊಂಡು ತಾವೇ ಬೇರೆ ಪ್ರಬಂಧ ಬರೆದುಕೊಟ್ಟರು. ಹುಡುಗಿ ಅದನ್ನು ನಕಲು ಮಾಡಿದಳು. ಶಾಲೆಯಲ್ಲಿ 'ಉತ್ತಮ' ಅಂತ ಸಹಿ ಬಿತ್ತು. ಮುಂದಿನ ವಾರದ ಪ್ರಬಂಧದಲ್ಲಿ ಮತ್ತೆ ಅದೇ 'ಓದೆ', ಅದೇ 'ಅಣ್ಣು'. ಯಾಕೆ? ತಪ್ಪು ಎಲ್ಲಿದೆ ಎಂದು ಹುಡುಕಿದವರೂ ತಾಯಿ, ಸರಿಪಡಿಸಿದವರೂ ತಾಯಿ. ಮಗು ಮಾಡಿದ್ದು ಬರೀ ನಕಲು.

ಹಾಗಾದರೆ ಏನು ಮಾಡಬೇಕು? ಮೊದಲು ಪ್ರಬಂಧವನ್ನು ಪೂರ್ತಿ ಓದಿ. ಆಮೇಲೆ ಪೆನ್ಸಿಲ್ ತೆಗೆದುಕೊಳ್ಳಿ. ತಪ್ಪು ಇರುವ ಪದವನ್ನು ಮುಟ್ಟಬೇಡಿ. ಆ ಸಾಲಿನ ಪಕ್ಕದ ಅಂಚಿನಲ್ಲಿ ಒಂದು ಚುಕ್ಕಿ ಇಡಿ. ಒಂದು ತಪ್ಪಿಗೆ ಒಂದು ಚುಕ್ಕಿ. "ಈ ಸಾಲಿನಲ್ಲಿ ಒಂದು ತಪ್ಪಿದೆ, ಹುಡುಕು" ಎಂದು ಹೇಳಿ ನೋಟ್‌ಬುಕ್ ವಾಪಸ್ ಕೊಡಿ. ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದ ರಿಚರ್ಡ್ ಹ್ಯಾಸ್‌ವೆಲ್ ಎಂಬವರು ಇದೇ ಕ್ರಮವನ್ನು 1983ರಲ್ಲಿ ಬರೆದು ಪ್ರಕಟಿಸಿದರು. ಅಂಚಿನ ಗುರುತು ಬಿಟ್ಟು ಬೇರೇನೂ ಹೇಳದಿದ್ದರೂ, ಅರ್ಧಕ್ಕಿಂತ ಹೆಚ್ಚು ತಪ್ಪುಗಳನ್ನು ವಿದ್ಯಾರ್ಥಿಗಳು ತಾವೇ ತಿದ್ದಿಕೊಂಡಿದ್ದರು.

ನಮ್ಮ ಹುಡುಗಿಗೂ ಹೀಗೆ ಚುಕ್ಕಿ ಇಟ್ಟು ಕೊಟ್ಟೆವು. 'ಚನ್ನಾಗಿತ್ತು' ಎಂಬುದನ್ನು ಅವಳು ಕೂಡಲೇ 'ಚೆನ್ನಾಗಿತ್ತು' ಎಂದು ತಿದ್ದಿದಳು. ಅದು ಗೊತ್ತಿದ್ದೂ ಅವಸರದಲ್ಲಿ ಆದ ತಪ್ಪು. ಆದರೆ ಹಣ್ಣಿನ ಸಾಲಿನಲ್ಲಿ ಅವಳಿಗೆ ತಪ್ಪು ಕಾಣಲೇ ಇಲ್ಲ. ಸರಿಯಾಗಿದ್ದ 'ತರಕಾರಿ'ಯನ್ನೇ ಅಳಿಸಲು ಹೊರಟಳು! ಮಗು ಹೀಗೆ ಊಹೆ ಮಾಡಲು ಶುರು ಮಾಡಿದರೆ ಎರಡನೇ ಹೆಜ್ಜೆ ಇಡಿ: ತಪ್ಪಾದ ಪದದ ಕೆಳಗೆ ಗೆರೆ ಎಳೆಯಿರಿ. ಆಗಲೂ ಗೊತ್ತಾಗದಿದ್ದರೆ ಅದು ಅವಸರದ ತಪ್ಪಲ್ಲ, ಕಲಿಯದೇ ಉಳಿದ ವಿಷಯ. ಅದನ್ನು ಹೇಳಿಕೊಡಲೇಬೇಕು. ಚುಕ್ಕಿ ಇಡುವುದರ ಲಾಭ ಇದೇ, ಎರಡು ಬಗೆಯ ತಪ್ಪುಗಳು ಬೇರೆ ಬೇರೆಯಾಗಿ ಕಾಣುತ್ತವೆ.

ಈ ಹುಡುಗಿಯ ಮನೆಯಲ್ಲಿ ಎಲ್ಲರೂ ಮಾತಾಡುವಾಗ 'ಅಣ್ಣು' ಅಂತಲೇ ಅನ್ನುತ್ತಾರೆ. ಕಿವಿಗೆ ಬಿದ್ದಂತೆ ಅವಳು ಬರೆದಿದ್ದಾಳೆ. ಮನೆಮಾತು ತಪ್ಪು ಅಂತ ಮಗುವನ್ನು ಗದರಬೇಡಿ. "ಮನೇಲಿ ಹಾಗೆ ಅಂತೀವಿ, ಪುಸ್ತಕದಲ್ಲಿ 'ಹ' ಬರೀಬೇಕು" ಎಂದರೆ ಸಾಕು. ಅಕ್ಕಿ–ಹಕ್ಕಿ, ಆರು–ಹಾರು ಎಂಬ ಜೋಡಿಗಳನ್ನು ಓದಿಸಿ, ಅಂಗೈಯನ್ನು ಬಾಯಿಯ ಹತ್ತಿರ ಹಿಡಿದು ಹೇಳಲಿ. 'ಹ' ಎಂದಾಗ ಉಸಿರು ಅಂಗೈಗೆ ತಾಗುತ್ತದೆ. ಇಷ್ಟಾದ ಮೇಲೆ 'ಓದೆ' ಎಂಬುದನ್ನು ಅವಳೇ 'ಹೋದೆ' ಮಾಡಿದಳು.

ಒಂದು ದಿನಕ್ಕೆ ಒಂದೆರಡು ಬಗೆಯ ತಪ್ಪು ಸಾಕು. ಪುಟದ ತುಂಬಾ ಚುಕ್ಕಿ ಬಿದ್ದರೆ ಮಗು ನೋಟ್‌ಬುಕ್ ಮುಚ್ಚಿಡುತ್ತದೆ.

ಇನ್ನು ವಿಷಯದ ಮಾತು. ಬರವಣಿಗೆ ಸಪ್ಪೆ ಅನ್ನಿಸಿದ ಕಡೆ ನೀವು ವಾಕ್ಯ ಸೇರಿಸಬೇಡಿ, ಒಂದು ಪ್ರಶ್ನೆ ಬರೆಯಿರಿ. 'ನಾವು ಓಡಿದೆವು' ಎಂಬುದರ ಪಕ್ಕದಲ್ಲಿ ನಾವು 'ಎಲ್ಲಿಗೆ?' ಎಂದಷ್ಟೇ ಬರೆದೆವು. ಹುಡುಗಿ ಯೋಚಿಸಿ ಬರೆದಳು: "ಬಳೆ ಅಂಗಡಿಯ ಟಾರ್ಪಾಲಿನ ಕೆಳಗೆ ನಿಂತೆವು. ಬಳೆ ಮಾರುವ ಅಜ್ಜ ತನ್ನ ತಲೆಗೆ ಹಾಕದೆ ಟವೆಲನ್ನು ಬಳೆಗಳ ಮೇಲೆ ಮುಚ್ಚಿದರು." ಇದನ್ನು ತಾಯಿ ಬರೆದುಕೊಡಲು ಸಾಧ್ಯವಿರಲಿಲ್ಲ. ಆ ಅಜ್ಜನನ್ನು ಗಮನಿಸಿದ್ದು ಮಗು.

"ನಮಗೇ ಓದಲು ಸರಿಯಾಗಿ ಬರಲ್ಲ, ನಾವೇನು ಗುರುತು ಹಾಕೋದು?" ಎಂದು ಕೆಲವು ತಾಯಂದಿರು ಕೇಳುತ್ತಾರೆ. ಮಗುವಿನ ಕೈಯಲ್ಲೇ ಗಟ್ಟಿಯಾಗಿ ಓದಿಸಿ. ಅರ್ಥವಾಗದ ಕಡೆ ನಿಲ್ಲಿಸಿ, "ಆಮೇಲೆ ಏನಾಯ್ತು? ಯಾರು ಹೇಳಿದ್ದು?" ಎಂದು ಕೇಳಿ, ಅಲ್ಲಿ ಮಗುವೇ ಚುಕ್ಕಿ ಇಡಲಿ. ಕಾಗುಣಿತವನ್ನು ಟೀಚರ್ ನೋಡುತ್ತಾರೆ.

ಕಲಿತಿದ್ದಾರೋ ಇಲ್ಲವೋ ತಿಳಿಯುವುದು ತಿದ್ದಿದ ಪುಟದಿಂದಲ್ಲ, ಮುಂದಿನ ಪ್ರಬಂಧದಿಂದ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮಗುವೇ ತನ್ನ ತಪ್ಪುಗಳನ್ನು ತಾರೀಖು ಹಾಕಿ ಬರೆದಿಡಲಿ. ಹೊಸ ಪ್ರಬಂಧ ಮುಗಿದ ಕೂಡಲೇ ಆ ಹಾಳೆ ತೆಗೆದು ತಾನೇ ಹೋಲಿಸಿ ನೋಡಲಿ. ಮೂರು ಪ್ರಬಂಧಗಳಲ್ಲಿ 'ಅಣ್ಣು' ಬರದಿದ್ದರೆ ಅದನ್ನು ಹೊಡೆದು ಹಾಕಬಹುದು. ಹೊಡೆದು ಹಾಕುವ ಪೆನ್ಸಿಲ್ ಕೂಡ ಮಗುವಿನ ಕೈಯಲ್ಲೇ ಇರಲಿ.