ಇಲ್ಲದ ಪಾಸ್‌ವರ್ಡ್ ಹುಡುಕುವ ಮುನ್ನ

ಶಹಾಪುರದ ನನ್ನ ಕಂಪ್ಯೂಟರ್ ಅಂಗಡಿಗೆ ಸುರಪುರದಿಂದ ಒಬ್ಬ ಹುಡುಗಿ ಬಂದಿದ್ದಳು. ಮರುದಿನ ಯಾದಗಿರಿಯಲ್ಲಿ ಸಂದರ್ಶನ. ಒಂದು ವೆಬ್‌ಸೈಟಿನಲ್ಲಿ ಮೊದಲೇ ಮಾಡಿಟ್ಟಿದ್ದ ಬಯೋಡೇಟಾದ ಪ್ರಿಂಟ್ ಬೇಕಿತ್ತು. ಇಮೇಲ್ ಹಾಕಿದಳು, ಪಾಸ್‌ವರ್ಡ್ ಹಾಕಿದಳು. `Invalid email or password` ಎಂದು ಬಂತು. ಮತ್ತೆ ಹಾಕಿದಳು, ಅದೇ ಉತ್ತರ.

“ಸರ್, ಪಾಸ್‌ವರ್ಡ್ ಖರೇನೇ ಅದರಿ. ಮುಂಜಾನಿ ಇದರ್ಲಿಂದನೇ ಜಿಮೇಲ್ ತೆಗ್ದೀನ್ರಿ.”

ಕಾರಣ ಅವಳ ಈ ಮಾತಿನಲ್ಲೇ ಇತ್ತು. ಅವಳು ಹಾಕುತ್ತಿದ್ದುದು ಜಿಮೇಲಿನ ಪಾಸ್‌ವರ್ಡ್. ಆ ವೆಬ್‌ಸೈಟಿಗೆ ಅವಳು ಎಂದೂ ಪಾಸ್‌ವರ್ಡ್ ಕೊಟ್ಟೇ ಇರಲಿಲ್ಲ. ಖಾತೆ ತೆರೆದ ದಿನ ಮೊಬೈಲಿನಲ್ಲಿ `Continue with Google` ಎಂಬ ಗುಂಡಿ ಒತ್ತಿದ್ದಳು, ಅಷ್ಟೇ.

ಇಮೇಲ್ ಮತ್ತು ಪಾಸ್‌ವರ್ಡ್ ಕೊಟ್ಟು ಖಾತೆ ತೆರೆದರೆ, ವೆಬ್‌ಸೈಟು ಆ ಪಾಸ್‌ವರ್ಡಿನಿಂದ ಒಂದು ಗುರುತು ತಯಾರಿಸಿ ಇಟ್ಟುಕೊಳ್ಳುತ್ತದೆ. ಗುರುತಿನಿಂದ ಮೂಲ ಪಾಸ್‌ವರ್ಡ್ ಹೊರಡಿಸಲು ಬರುವುದಿಲ್ಲ. ಮುಂದೆ ನೀವು ಪಾಸ್‌ವರ್ಡ್ ಹಾಕಿದಾಗಲೆಲ್ಲ ಅದರಿಂದ ಅದೇ ಬಗೆಯ ಗುರುತು ತಯಾರಿಸಿ, ಎರಡನ್ನೂ ತಾಳೆ ನೋಡುತ್ತದೆ. ಗೂಗಲ್ ಗುಂಡಿ ಒತ್ತಿದಾಗ ನಡೆಯುವುದೇ ಬೇರೆ. ವೆಬ್‌ಸೈಟು ನಿಮ್ಮನ್ನು ಗೂಗಲ್ ಬಳಿ ಕಳಿಸುತ್ತದೆ. ಗೂಗಲ್ ನಿಮ್ಮನ್ನು ಗುರುತಿಸಿ, “ಇವರು ಇಂಥವರು” ಎಂದು ಸಹಿ ಹಾಕಿದ ಚೀಟಿಯೊಂದನ್ನು ವೆಬ್‌ಸೈಟಿಗೆ ಕೊಡುತ್ತದೆ. ಆ ಚೀಟಿಯಲ್ಲಿ ಸಾಮಾನ್ಯವಾಗಿ ನಿಮ್ಮ ಹೆಸರು, ಇಮೇಲ್ ಮತ್ತು ಗೂಗಲ್ ಖಾತೆಗೆ ಮೀಸಲಾದ, ಎಂದೂ ಬದಲಾಗದ ಒಂದು ಸಂಖ್ಯೆ ಇರುತ್ತವೆ. ಪಾಸ್‌ವರ್ಡ್ ಇರುವುದಿಲ್ಲ. ಹೀಗಾಗಿ ವೆಬ್‌ಸೈಟಿನ ದಫ್ತರದಲ್ಲಿ ನಿಮ್ಮ ಹೆಸರಿನ ಮುಂದೆ ಪಾಸ್‌ವರ್ಡಿನ ಜಾಗ ಖಾಲಿಯೇ ಉಳಿಯುತ್ತದೆ. ಖಾಲಿ ಜಾಗದ ಜೊತೆ ಯಾವ ಪಾಸ್‌ವರ್ಡ್ ತಾಳೆಯಾದೀತು?

ಹಾಗಾದರೆ “ನೀವು ಗೂಗಲ್ ಮೂಲಕ ಬಂದವರು” ಎಂದು ಪರದೆಯ ಮೇಲೆ ನೇರವಾಗಿ ಯಾಕೆ ಹೇಳುವುದಿಲ್ಲ? ಕೆಲವು ವೆಬ್‌ಸೈಟುಗಳು ಹೇಳುತ್ತವೆ. ಬಹಳಷ್ಟು ಕಡೆ ಬೇಕೆಂದೇ ಹೇಳುವುದಿಲ್ಲ. ಹೇಳಿದರೆ, ಯಾರದೋ ಇಮೇಲ್ ಹಾಕಿ ಅವರಿಗೆ ಇಲ್ಲಿ ಖಾತೆ ಉಂಟೇ, ಯಾವ ದಾರಿಯಿಂದ ಬರುತ್ತಾರೆ ಎಂದು ಕಳ್ಳರು ಪತ್ತೆಹಚ್ಚಬಹುದು. ಅದಕ್ಕೇ ಎಲ್ಲ ಎಡವಟ್ಟಿಗೂ ಒಂದೇ ಉತ್ತರ ಕೊಡುತ್ತಾರೆ. ಈ ಎಚ್ಚರ ಸರಿಯಾದದ್ದೇ, ಆದರೆ ಅದರ ಬೆಲೆ ತೆರುವವರು ಇಂಥ ಹುಡುಗಿಯರು.

ಇಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಜಿಮೇಲಿನ ಪಾಸ್‌ವರ್ಡನ್ನು ಬೇರೆ ವೆಬ್‌ಸೈಟಿನ ಪೆಟ್ಟಿಗೆಯಲ್ಲಿ ಹಾಕಿದರೆ, ಲಾಗಿನ್ ಆಗದಿದ್ದರೂ ಅದು ಆ ವೆಬ್‌ಸೈಟಿನ ಕೈ ಸೇರುತ್ತದೆ. ಗೂಗಲ್ ಪಾಸ್‌ವರ್ಡನ್ನು `accounts.google.com` ಎಂಬ ವಿಳಾಸ ಕಂಡಲ್ಲಿ ಮಾತ್ರ ಹಾಕಬೇಕು. ನಂಬಿಕೆಯಿಲ್ಲದ ಕಡೆ ಈಗಾಗಲೇ ಹಾಕಿದ್ದರೆ ಜಿಮೇಲಿನ ಪಾಸ್‌ವರ್ಡ್ ಬದಲಿಸುವುದೇ ಒಳ್ಳೆಯದು.

ನನ್ನ ಅಂಗಡಿಗೆ ಬರುವ ಮೊದಲು ಅವಳು `Forgot password` ಕೂಡ ಒತ್ತಿದ್ದಳು. ಮೇಲ್ ಬಂದಿರಲಿಲ್ಲ. ಈ ಗುಂಡಿ ಎಲ್ಲ ಕಡೆ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಕೆಲವು ಕಡೆ ಹೊಸ ಪಾಸ್‌ವರ್ಡ್ ಇಡಲು ಲಿಂಕ್ ಬರುತ್ತದೆ. ಆಗ ಗೂಗಲ್ ಗುಂಡಿ, ಪಾಸ್‌ವರ್ಡ್ ಎರಡೂ ನಡೆಯುತ್ತವೆ. ಕೆಲವು ಕಡೆ “ನೀವು ಗೂಗಲ್‌ನಿಂದ ಲಾಗಿನ್ ಆಗಿ” ಎಂಬ ಮೇಲ್ ಮಾತ್ರ ಬರುತ್ತದೆ. ಇನ್ನು ಕೆಲವು ಕಡೆ ಏನೂ ಬರುವುದಿಲ್ಲ. ಪರದೆಯ ಮೇಲೆ “ಖಾತೆ ಇದ್ದರೆ ಮೇಲ್ ಕಳಿಸಿದ್ದೇವೆ” ಎಂದಿದ್ದರೆ ಆ “ಇದ್ದರೆ” ಎಂಬ ಮಾತನ್ನು ಗಮನಿಸಬೇಕು. ಆ ಇಮೇಲಿಗೆ ಖಾತೆಯೇ ಇಲ್ಲದಿರಬಹುದು.

“ನೋಡವ್ವ, ಮೊದಲು ಗೂಗಲ್ ಗುಂಡಿ ಒತ್ತಿ ನೋಡೋಣ” ಎಂದು ಇನ್‌ಕಾಗ್ನಿಟೊ ಕಿಟಕಿ ತೆರೆದೆ. ಅಂಗಡಿಯ ಕಂಪ್ಯೂಟರಿನಲ್ಲಿ ಈ ಗುಂಡಿ ಒತ್ತಿ ಒಳಗೆ ಹೋದರೆ ಆ ಬ್ರೌಸರಿನಲ್ಲಿ ಜಿಮೇಲೂ ತೆರೆದೇ ಇರುತ್ತದೆ. ಬರೀ ಆ ವೆಬ್‌ಸೈಟಿನಿಂದ ಲಾಗೌಟ್ ಆದರೆ ಸಾಲದು. ಕ್ರೋಮ್‌ನಲ್ಲಿ `Ctrl+Shift+N` ಒತ್ತಿ ಬರುವ ಕಿಟಕಿಯಲ್ಲಿ ಕೆಲಸ ಮಾಡಿ, ಆ ಬಗೆಯ ಕಿಟಕಿಗಳನ್ನೆಲ್ಲ ಮುಚ್ಚಿದರೆ ಲಾಗಿನ್ ಉಳಿಯುವುದಿಲ್ಲ.

ಈ ಸಲ ಒಳಗೆ ಹೋದೆವು. ಆದರೆ ಬಯೋಡೇಟಾ ಇರಲಿಲ್ಲ. “ಹೊಸದಾಗಿ ಶುರು ಮಾಡಿ” ಎಂಬ ಖಾಲಿ ಪುಟ. ಹುಡುಗಿಯ ಮುಖ ಬಾಡಿತು, ಎಲ್ಲ ಅಳಿಸಿಹೋಗಿದೆ ಎಂದುಕೊಂಡಳು. ಅಳಿಸಿರಲಿಲ್ಲ. ಆ ಇಮೇಲಿಗೆ ಖಾತೆ ಇರದ ಕಾರಣ, ಗುಂಡಿ ಒತ್ತಿದ ಕೂಡಲೇ ಹೊಸ ಖಾತೆ ಹುಟ್ಟಿತ್ತು. ಲಾಗಿನ್ ಆದರೂ ಒಳಗೆ ಖಾಲಿ ಕಂಡರೆ, ಹಳೆಯ ಖಾತೆ ಬೇರೊಂದು ಇಮೇಲಿನಲ್ಲಿದೆಯೇ ಎಂದು ಮೊದಲು ನೋಡಬೇಕು.

“ಅವತ್ತು ಯಾರ ಮೊಬೈಲಾಗ ಮಾಡಿದ್ದಿ?” ಎಂದೆ.

“ಅಣ್ಣಂದ್ರಾಗರಿ. ಅಂವ ಈಗ ಬೆಂಗಳೂರಾಗ ಅದಾನ್ರಿ.”

ಅಣ್ಣನ ಮೊಬೈಲಿನಲ್ಲಿ ಅವನದೂ ಇವಳದೂ ಎರಡೂ ಗೂಗಲ್ ಖಾತೆಗಳಿದ್ದವು. ಗುಂಡಿ ಒತ್ತಿದಾಗ ಬಂದ ಪಟ್ಟಿಯಲ್ಲಿ ಮೇಲಿದ್ದುದನ್ನು ಒತ್ತಿದ್ದಳು. ಅಣ್ಣನಿಗೆ ಫೋನ್ ಹಚ್ಚಿ `myaccount.google.com/connections` ತೆರೆಯಲು ಹೇಳಿದೆ. ಗೂಗಲ್ ಖಾತೆಯಿಂದ ಯಾವ ಯಾವ ಆ್ಯಪ್, ವೆಬ್‌ಸೈಟಿಗೆ ಲಾಗಿನ್ ಆಗಿದ್ದೇವೆ ಎಂಬ ಪಟ್ಟಿ ಅಲ್ಲಿರುತ್ತದೆ. ಆ ವೆಬ್‌ಸೈಟಿನ ಹೆಸರು ಅವನ ಪಟ್ಟಿಯಲ್ಲಿತ್ತು. ಅವನು ತನ್ನ ಮೊಬೈಲಿನಲ್ಲೇ ಗುಂಡಿ ಒತ್ತಿ ಒಳಗೆ ಹೋಗಿ, ಬಯೋಡೇಟಾದ ಪಿಡಿಎಫ್ ಇಳಿಸಿ ವಾಟ್ಸ್ಯಾಪಿನಲ್ಲಿ ಕಳಿಸಿದ. ಎರಡು ಪುಟ ಪ್ರಿಂಟ್ ತೆಗೆದೆವು.

ಖಾತೆಯನ್ನು ತಂಗಿಯ ಹೆಸರಿಗೆ ತರುವ ಕೆಲಸ ಉಳಿದಿತ್ತು. ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಬದಲಿಸಲು ಹೋದರೆ “ಈ ಇಮೇಲ್ ಈಗಾಗಲೇ ಬಳಕೆಯಲ್ಲಿದೆ” ಎಂದಿತು. ನಾವೇ ಆಗ ಹುಟ್ಟಿಸಿದ ಖಾಲಿ ಖಾತೆ ಅಡ್ಡಬಂದಿತ್ತು. ಮೊದಲು ಅದನ್ನು ಡಿಲೀಟ್ ಮಾಡಿ, ಆಮೇಲೆ ಅಣ್ಣನ ಕಡೆಯಿಂದ ಇಮೇಲ್ ಬದಲಿಸಿದೆವು. ಅವಳ ಮೇಲಿಗೆ ಬಂದ ಲಿಂಕ್ ಒತ್ತಿ ಖಚಿತಪಡಿಸಿದಳು. ನಂತರ ಪಾಸ್‌ವರ್ಡ್ ಬದಲಿಸುವ ಪುಟ ತೆರೆದರೆ ಅದು ಕೇಳಿದ್ದು ಹಳೆಯ ಪಾಸ್‌ವರ್ಡ್, ಅಂದರೆ ಇಲ್ಲದ ಪಾಸ್‌ವರ್ಡ್! ಇಲ್ಲಿ ಬಹಳ ಜನ ಸಿಕ್ಕಿಕೊಳ್ಳುತ್ತಾರೆ. ಲಾಗೌಟ್ ಆಗಿ ಹೊಸ ಇಮೇಲಿನಿಂದ `Forgot password` ಒತ್ತುವುದು ಇದಕ್ಕಿರುವ ದಾರಿ. ಈಗ ಲಿಂಕ್ ಬಂತು, ಅವಳದೇ ಪಾಸ್‌ವರ್ಡ್ ಆಯಿತು. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ಅಣ್ಣನ ಗೂಗಲ್ ಜೋಡಣೆ ತೆಗೆದೆವು. ಪಾಸ್‌ವರ್ಡ್ ಇಡುವ ಮೊದಲೇ ಇದನ್ನು ತೆಗೆದಿದ್ದರೆ ಖಾತೆಗೆ ಇದ್ದ ಒಂದೇ ದಾರಿಯೂ ಮುಚ್ಚಿಹೋಗುತ್ತಿತ್ತು.

ಅಣ್ಣ ಸಿಕ್ಕಿದ್ದರಿಂದ ಇಷ್ಟೆಲ್ಲ ಆಯಿತು. ಕಾಲೇಜು ಕೊಟ್ಟ ಇಮೇಲಿನಿಂದ ಗೂಗಲ್ ಗುಂಡಿ ಒತ್ತಿದವರ ಕಷ್ಟ ಇದಕ್ಕಿಂತ ದೊಡ್ಡದು. ಓದು ಮುಗಿದ ಮೇಲೆ ಕಾಲೇಜು ಆ ಇಮೇಲ್ ನಿಲ್ಲಿಸಿದರೆ ಗುಂಡಿಯೂ ಕೆಲಸ ಮಾಡದು, ರೀಸೆಟ್ ಲಿಂಕೂ ಕೈಗೆ ಬಾರದು. ಅದೇ ಹೆಸರಿನಲ್ಲಿ ಹೊಸ ಜಿಮೇಲ್ ತೆರೆದರೂ ಚೀಟಿಯ ಸಂಖ್ಯೆ ಬೇರೆಯಾಗುವುದರಿಂದ ವೆಬ್‌ಸೈಟಿಗೆ ನೀವು ಹೊಸಬರೇ. ಆಗ ವೆಬ್‌ಸೈಟಿನ ಸಹಾಯವಾಣಿಗೆ ಬರೆದು, ಖಾತೆ ನಿಮ್ಮದೇ ಎಂದು ತೋರಿಸಿ ಕೇಳಿಕೊಳ್ಳಬೇಕು. ಅವರು ಒಪ್ಪದೆಯೂ ಇರಬಹುದು. ಆದ್ದರಿಂದ ಕಾಲೇಜಿನ ಇಮೇಲ್ ನಡೆಯುತ್ತಿರುವಾಗಲೇ ಸ್ವಂತ ಇಮೇಲ್ ಸೇರಿಸಿ, ಪಾಸ್‌ವರ್ಡನ್ನೂ ಇಟ್ಟುಬಿಡಬೇಕು.

ಹುಡುಗಿ ಹೊರಡುವಾಗ ತನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮೂರು ಸಂಗತಿ ಬರೆದುಕೊಂಡಳು: ವೆಬ್‌ಸೈಟಿನ ಹೆಸರು, ಯಾವ ಇಮೇಲ್, ಗುಂಡಿಯೋ ಪಾಸ್‌ವರ್ಡೋ. ಪಾಸ್‌ವರ್ಡನ್ನು ಮಾತ್ರ ಬರೆಯಲಿಲ್ಲ.