ಮೂರನೇ ಕಂಬದ ಹತ್ತಿರ ಹಿಡಿಯುವ ಕಾಲು

ಬದನಗುಪ್ಪೆ ಕಡೆಯ ಅರವತ್ತರ ಒಬ್ಬ ರೈತ ಎಂದಿಟ್ಟುಕೊಳ್ಳಿ. ಮೂವತ್ತು ವರ್ಷದ ಬೀಡಿ, ಎಂಟು ವರ್ಷದ ಸಕ್ಕರೆ ಕಾಯಿಲೆ. ಅರಿಸಿನದ ಹೊಲಕ್ಕೆ ಹೊರಟರೆ ಮೂರನೇ ಲೈಟು ಕಂಬದ ಹೊತ್ತಿಗೆ ಬಲಗಾಲು ಹಿಡಿಯುತ್ತದೆ. "ಮೀನಖಂಡ ಹಿಡ್ಕತ್ತದ ಸಾ, ಸುಮ್ನ ನಿಂತ್ಕಂಡ್ರ ಬುಟ್ಟೋಯ್ತದ" ಎನ್ನುತ್ತಾನೆ.

ವೈದ್ಯರಿಗೆ ಮುಖ್ಯವಾಗುವುದು ಆ 'ಸುಮ್ನ ನಿಂತ್ಕಂಡ್ರ' ಎಂಬ ಮಾತು. ಬೆನ್ನುಮೂಳೆಯಲ್ಲಿ ನರ ಒತ್ತಿ ಬರುವ ನೋವು ಸಾಮಾನ್ಯವಾಗಿ ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಇಳಿಯುತ್ತದೆ. ಬರೀ ನಿಂತರೆ ಸಾಲದು. ನಿಂತ ಕೆಲವೇ ನಿಮಿಷದಲ್ಲಿ ಹೋಗುವ ನೋವು ರಕ್ತ ಸಾಲದ ಸ್ನಾಯುವಿನದು. ತೊಡೆಯ ಅಪಧಮನಿಯಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗಿದೆ. ಕೂತಾಗ ಸಾಕಾಗುವ ರಕ್ತ ನಡೆಯುವಾಗ ಸಾಕಾಗುವುದಿಲ್ಲ.

ಇದನ್ನು ಖಚಿತಪಡಿಸಲು ಬಿ.ಪಿ. ಪಟ್ಟಿ ಮತ್ತು ಕೈಯಲ್ಲಿ ಹಿಡಿಯುವ ಡಾಪ್ಲರ್ ಸಾಕು. ರೋಗಿ ಹತ್ತು ನಿಮಿಷ ಅಂಗಾತ ಮಲಗಿರಬೇಕು. ಎರಡೂ ತೋಳುಗಳಲ್ಲಿ, ಆಮೇಲೆ ಪ್ರತಿ ಕಾಲಿನ ಗಿಣ್ಣಿನ ಹತ್ತಿರ ಎರಡು ನಾಡಿಗಳಲ್ಲಿ ಮೇಲಿನ ಒತ್ತಡ ಅಳೆಯುತ್ತಾರೆ. ನಮ್ಮ ರೈತನ ತೋಳಿನಲ್ಲಿ ಹೆಚ್ಚಿನದು 140, ಬಲಗಾಲಿನಲ್ಲಿ 98. ಕಾಲಿನದನ್ನು ತೋಳಿನದರಿಂದ ಭಾಗಿಸಿದರೆ 0.70. ಆರೋಗ್ಯವಂತರಲ್ಲಿ ಇದು 1ರ ಆಸುಪಾಸು, 0.90 ಅಥವಾ ಅದಕ್ಕಿಂತ ಕಡಿಮೆಯಾದರೆ ರೋಗವಿದೆ ಎಂದರ್ಥ.

ಸಕ್ಕರೆ ಕಾಯಿಲೆಯವರಲ್ಲಿ ಮಾತ್ರ ಈ ಲೆಕ್ಕ ಮೋಸ ಮಾಡಬಹುದು. ಅಪಧಮನಿಯ ಗೋಡೆಯಲ್ಲಿ ಸುಣ್ಣ ಕಟ್ಟಿ ಗಟ್ಟಿಯಾದರೆ ಪಟ್ಟಿಯ ಒತ್ತಡಕ್ಕೆ ಅದು ಮುಚ್ಚಿಕೊಳ್ಳುವುದೇ ಇಲ್ಲ. ಆಗ 1.4ಕ್ಕಿಂತ ಹೆಚ್ಚು ಬರಬಹುದು, ಅಥವಾ ಸುಳ್ಳು 'ಸರಿ' ಬರಬಹುದು. ನೋವಿದ್ದೂ ಅಂಕಿ ಚೆನ್ನಾಗಿದ್ದರೆ ಕಾಲ್ಬೆರಳಿನ ಒತ್ತಡ ಅಳೆಯಬೇಕು.

ಬೀಡಿ ಬಿಟ್ಟು, ರಕ್ತ ಹೆಪ್ಪುಗಟ್ಟದಂತೆ ಮತ್ತು ಕೊಬ್ಬು ಇಳಿಯುವಂತೆ ಕೊಟ್ಟ ಮಾತ್ರೆ ತಪ್ಪದೆ ನುಂಗುವುದರ ಜೊತೆಗೆ ನಡೆಯಬೇಕು. ನೋವು ಬಾರದಂತೆ ಮೆಲ್ಲಗೆ ಅಡ್ಡಾಡಿದರೆ ಸಾಲದು. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ವರ್ಷವಿಡೀ ಆರಾಮವಾಗಿ ನಡೆದವರಿಗೆ ಗಣನೀಯ ಲಾಭ ಸಿಗಲಿಲ್ಲ. ನೋವು ಬರುವ ವೇಗದಲ್ಲಿ ನಡೆದವರು ಮುಂದೆ ಹೋದರು. ಕ್ರಮ ಹೀಗೆ: ಮೂರರಿಂದ ಐದು ನಿಮಿಷದಲ್ಲಿ ನೋವು ಬರುವಂಥ ವೇಗದಲ್ಲಿ ನಡೆಯುವುದು, ಅದು ಸಾಕಷ್ಟು ಜೋರಾದಾಗ ನಿಲ್ಲುವುದು, ಪೂರ್ತಿ ಹೋದ ಮೇಲೆ ಮತ್ತೆ ಹೊರಡುವುದು. ವಿರಾಮವೂ ಸೇರಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನ, 12 ವಾರ.

ಕೊನೆಯಲ್ಲಿ ರೈತ ಎಂಟನೇ ಕಂಬ ಮುಟ್ಟಿದರೂ ಅಳತೆ 0.70ರಲ್ಲೇ ಇರಬಹುದು. ಕಟ್ಟಿದ ಕೊಬ್ಬು ಕರಗಿಲ್ಲ. ಇರುವಷ್ಟು ರಕ್ತದಲ್ಲೇ ದುಡಿಯಲು ಸ್ನಾಯು ಕಲಿತಿದೆ.

ಈ ನಡಿಗೆಯನ್ನು ಫಿಸಿಯೋಥೆರಪಿಸ್ಟ್ ಕಣ್ಣೆದುರಿಗೆ ಶುರು ಮಾಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಹೃದಯ. ಕಾಲಿನಲ್ಲಿ ಕಟ್ಟಿದ ಕೊಬ್ಬು ಬಹಳ ಸಲ ಅಲ್ಲೂ ಇರುತ್ತದೆ. ಕಾಲು ಮೊದಲೇ ನಿಲ್ಲಿಸುತ್ತಿದ್ದರಿಂದ ಎದೆನೋವು ಬರುವಷ್ಟು ದೂರ ಆತ ಹೋಗಿರುವುದಿಲ್ಲ; ಕಾಲು ಸುಧಾರಿಸಿದಾಗ ಅದು ಕಾಣಿಸಿಕೊಳ್ಳಬಹುದು. ಇನ್ನು ರಾತ್ರಿ ಮಲಗಿದಾಗ ಪಾದ ನೋಯುತ್ತಿದ್ದರೆ, ಮಂಚದಿಂದ ಕಾಲು ಇಳಿಬಿಟ್ಟರೆ ಮಾತ್ರ ಹಿತವೆನಿಸಿದರೆ, ಬೆರಳು ಕಪ್ಪಾದರೆ, ಗಾಯ ಮಾಯದಿದ್ದರೆ ಈ ನಡಿಗೆ ಬೇಡ. ಅಂಥವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.