ಜಾಲತಾಣ ತೆರೆಯದಿದ್ದಲ್ಲಿ ಅಡಚಣೆಯ ಸ್ಥಳವನ್ನು ತಿಳಿಯುವ ವಿಧಾನ

ಅರ್ಜಿಯ ಕೊನೆಯ ದಿನದಂದು ಹೊನ್ನಾವರದ ಅರ್ಜಿದಾರರೊಬ್ಬರ ಗಣಕಯಂತ್ರದಲ್ಲಿ ಸೇವಾ ಸಿಂಧು ತೆರೆಯುವುದಿಲ್ಲ ಎಂದು ಭಾವಿಸೋಣ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಕೆಳಗಿನ ಎರಡು ಆದೇಶಗಳನ್ನು ಒಂದೊಂದಾಗಿ ನೀಡತಕ್ಕದ್ದು.

```
ping 192.168.1.1
tracert sevasindhu.karnataka.gov.in
```

ಮೊದಲನೆಯದರಲ್ಲಿರುವುದು ಸಾಮಾನ್ಯವಾಗಿ ಮನೆಯ ರೂಟರ್‌ನ ವಿಳಾಸ. ರೂಟರ್ ಉತ್ತರಿಸದಿದ್ದಲ್ಲಿ ಮೊದಲು ಮನೆಯೊಳಗಿನ ಸಂಪರ್ಕವನ್ನು ಪರಿಶೀಲಿಸುವುದು.

ಎರಡನೆಯದು ಮಾರ್ಗದ ಹಂತಗಳನ್ನು ಸಾಲಾಗಿ ತೋರಿಸುತ್ತದೆ. ನಡುವಿನ ಒಂದು ಸಾಲಿನಲ್ಲಿ ನಕ್ಷತ್ರ ಚಿಹ್ನೆಗಳಿದ್ದು ಮುಂದಿನ ಸಾಲುಗಳಲ್ಲಿ ಉತ್ತರ ಬಂದಲ್ಲಿ ಅದು ದೋಷವಲ್ಲ. 3ನೇ ಸಾಲಿನ ನಂತರ ಕೊನೆಯವರೆಗೂ ನಕ್ಷತ್ರಗಳೇ ಇದ್ದಲ್ಲಿ, ಬೇರೊಂದು ಜಾಲತಾಣದ ವಿಳಾಸ ನೀಡಿ ಪರೀಕ್ಷಿಸುವುದು. ಅದೂ ಅಲ್ಲಿಯೇ ನಿಂತರೆ ಸಂಪರ್ಕ ಒದಗಿಸುವ ಸಂಸ್ಥೆಗೆ ಫಲಿತಾಂಶದ ಪ್ರತಿಯೊಂದಿಗೆ ದೂರು ನೀಡಬಹುದು. ಅದು ಗುರಿ ಮುಟ್ಟಿದಲ್ಲಿ, ಸೇವಾ ಸಿಂಧುವನ್ನು ಮೊಬೈಲ್ ಸಂಪರ್ಕದಿಂದ ತೆರೆದು ನೋಡುವುದು.

ಸೂಚನೆ: ಕೆಲವು ಸರ್ವರ್‌ಗಳು ಸುರಕ್ಷತೆಗಾಗಿ ಇಂತಹ ಪರೀಕ್ಷೆಗಳಿಗೆ ಉತ್ತರಿಸುವುದಿಲ್ಲ. ಆದ್ದರಿಂದ ನಕ್ಷತ್ರಗಳನ್ನು ಮಾತ್ರ ನೋಡಿ ಜಾಲತಾಣವು ಸ್ಥಗಿತಗೊಂಡಿದೆಯೆಂದು ತೀರ್ಮಾನಿಸಬಾರದು.